ಹೆಸರಿನ ಜಾಹೀರಾತು ನಿಲ್ಲಿಸಿದ ಬೇಸಿಗೆ

ಮುಳಬಾಗಿಲಿನಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಕೆಳಗೆ ಟೈರಿನ ಅಂಗಡಿ, ಮೇಲೆ ಉಪ್ಪಿನಕಾಯಿ ಕಂಪನಿಯ ಆಫೀಸು. ಆಫೀಸಿನಲ್ಲಿ ಉಪ್ಪಿನಕಾಯಿಯ ವಾಸನೆಯೇ ಇರುತ್ತಿರಲಿಲ್ಲ. ಕಾಯಿ ಹೆಚ್ಚುವುದು, ಕಲಸುವುದು ಎಲ್ಲ ಶ್ರೀನಿವಾಸಪುರದ ಅಡುಗೆಮನೆಯಲ್ಲಿ. ಡಬ್ಬ ಕಟ್ಟಿ ಊರೂರಿಗೆ ಕಳಿಸುವುದು ಮಾಲೂರಿನ ಗೋಡೌನಿನಿಂದ. ನಮ್ಮಲ್ಲಿದ್ದದ್ದು ಐದು ಕಂಪ್ಯೂಟರು, ಮತ್ತು ದಿನಕ್ಕೆ ಎರಡು ಸಲ ಕೈಕೊಡುವ ಕರೆಂಟು. ಜನ ನಮ್ಮ ವೆಬ್‌ಸೈಟಿಗೆ ಎಲ್ಲಿಂದ ಬರುತ್ತಾರೆ, ಏನು ಕೊಳ್ಳುತ್ತಾರೆ, ಯಾಕೆ ಕೊಳ್ಳದೆ ಹೋಗುತ್ತಾರೆ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಕೋಲಾರದ ಮನೆಯಿಂದ ಬೆಳಗ್ಗೆ ಬಸ್ಸು ಹತ್ತಿದರೆ ಒಂಬತ್ತೂವರೆಗೆ ಆಫೀಸಿನಲ್ಲಿರುತ್ತಿದ್ದೆ.

ಕಂಪನಿ ಕಟ್ಟಿದವರು ಮೊದಲು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ವ್ಯಾಪಾರ ಮಾಡುತ್ತಿದ್ದವರು. ಐವತ್ತು ದಾಟಿದ ಮೇಲೆ ಮಂಡಿ ಬಿಟ್ಟು, ತಮ್ಮ ತಾಯಿಯ ಕೈರುಚಿಯ ಆವಕಾಯಿಯನ್ನು ಬಾಟಲಿಯಲ್ಲಿ ಹಾಕಿ ಮಾರತೊಡಗಿದರು. ಕಂಪನಿಗೆ ಇಟ್ಟದ್ದೂ ತಾಯಿಯ ಹೆಸರೇ. ನಾವೆಲ್ಲ ಅವರನ್ನು ಸಾರ್ ಎನ್ನುತ್ತಿದ್ದೆವು. ಅವರು ನನ್ನನ್ನು 'ಏನಮ್ಮಾ' ಎಂದು ಕರೆಯುತ್ತಿದ್ದರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಮಾತು ಬಿಸಿಯಾದರೆ ಎರಡೂ ಕಲಸಿಹೋಗುತ್ತಿದ್ದವು. ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ. ಮಾಲೂರಿನ ಗೋಡೌನು ಅವರ ಹೆಂಡತಿಯ ತಮ್ಮನದು; ಕಂಪನಿಯಲ್ಲಿ ಆತನದೂ ಪಾಲಿತ್ತು.

ನಾವು ಗೂಗಲ್‌ನಲ್ಲಿ ಕೊಡುತ್ತಿದ್ದ ಜಾಹೀರಾತುಗಳಲ್ಲಿ ಒಂದು ಬಗೆಯದ್ದನ್ನು ಕಂಡರೆ ಸಾರ್‌ಗೆ ಆಗುತ್ತಿರಲಿಲ್ಲ. ಯಾರಾದರೂ ನಮ್ಮ ಕಂಪನಿಯ ಹೆಸರನ್ನೇ ಟೈಪ್ ಮಾಡಿ ಹುಡುಕಿದಾಗ, ಎಲ್ಲಕ್ಕಿಂತ ಮೇಲೆ ನಮ್ಮ ಜಾಹೀರಾತು ಕಾಣುತ್ತದೆ. ಅದನ್ನು ಒತ್ತಿದರೆ ನಾವು ಹಣ ಕೊಡಬೇಕು. ಅದರ ಕೆಳಗೇ ನಮ್ಮ ವೆಬ್‌ಸೈಟಿನ ಲಿಂಕು ಬಿಟ್ಟಿಯಾಗಿ ಇರುತ್ತದೆ. ಅದನ್ನು ಒತ್ತಿದರೆ ಏನೂ ಕೊಡಬೇಕಿಲ್ಲ.

ಒಂದು ಮಧ್ಯಾಹ್ನ ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಪರದೆಯ ಮೇಲೆ ಬೆರಳಿಟ್ಟರು.

"ನಮ್ಮಮ್ಮನ ಹೆಸರು ಹೊಡ್ದು ಹುಡುಕ್ತಾನಲ್ಲ, ಅವನು ನಮ್ಮನ್ನೇ ಹುಡುಕ್ತಾ ಇರೋದು. ಹೌದಲ್ವಾ?"

"ಹೌದು ಸಾರ್."

"ಮೇಲಿರೋದು ಇಲ್ದೇ ಹೋದ್ರೆ ಕೆಳಗಿರೋದು ಒತ್ತಿ ಬರ್ತಾನೆ. ಮನೆ ಬಾಗ್ಲಿಗೆ ಬಂದೋನನ್ನ ಒಳಗೆ ಕರ್ಕೊಂಡ್ ಬರೋಕೆ ದಲ್ಲಾಳಿಗೆ ಯಾಕಮ್ಮ ದುಡ್ಡು ಕೊಡ್ಬೇಕು? ಹೆಸರು ನಮ್ಮಮ್ಮಂದು. ಅದಕ್ಕೆ ಬಾಡಿಗೆ ಕಟ್ಟೋದಾ?"

ಅದು ದಡ್ಡ ಪ್ರಶ್ನೆಯಾಗಿರಲಿಲ್ಲ. ಈ ಕೆಲಸದಲ್ಲಿರುವವರೆಲ್ಲ ಕೇಳಿಕೊಳ್ಳಬೇಕಾದ, ಬಹಳ ಮಂದಿ ಕೇಳಿಕೊಳ್ಳದ ಪ್ರಶ್ನೆ ಅದು. ಹಿಂದೆ ಒಂದು ಜಾಹೀರಾತು ಏಜೆನ್ಸಿ ಅವರಿಗೆ ಇದರಲ್ಲೇ ಮೋಸ ಮಾಡಿತ್ತು. ಹೇಗೂ ಬರುತ್ತಿದ್ದ ಗಿರಾಕಿಗಳನ್ನೆಲ್ಲ ತಾನೇ ತಂದದ್ದೆಂದು ತೋರಿಸಿ ಹಣ ಪಡೆದಿತ್ತು. ಆ ಮೇಲೆ ಈ ಲೆಕ್ಕಗಳನ್ನು ಕಂಡರೆ ಅವರಿಗೆ ಅನುಮಾನ. ಆ ಅನುಮಾನ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಬದಿಗೆ ತಳ್ಳಿದೆ.

"ಪರೀಕ್ಷೆ ಮಾಡಿ ನೋಡೋಣ ಸಾರ್," ಎಂದೆ. "ನಾಲ್ಕು ವಾರ ಕೊಡಿ."

"ಮಾಡು. ಆಮೇಲೆ ನಂಗೆ ಕನ್ನಡದಲ್ಲಿ ಬರ್ದು ಕಳ್ಸು. ಇಂಗ್ಲಿಷ್‌ನಲ್ಲಿ ಸುತ್ತಿ ಬಳಸಿ ಹೇಳ್ಬೇಡ."

ಮಕರ ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆ ಶುರು ಮಾಡಿದೆ. ನಮ್ಮ ಗಿರಾಕಿಗಳಿದ್ದ ಇಪ್ಪತ್ತನಾಲ್ಕು ಜಿಲ್ಲೆಗಳನ್ನು ಆರಿಸಿ, ಹಿಂದಿನ ಮಾರಾಟ ಸುಮಾರು ಒಂದೇ ಇದ್ದವುಗಳನ್ನು ಜೋಡಿ ಮಾಡಿದೆ. ಪ್ರತಿ ಜೋಡಿಗೂ ನಾಣ್ಯ ಚಿಮ್ಮಿಸಿ, ಒಂದರಲ್ಲಿ ಹೆಸರಿನ ಜಾಹೀರಾತು ನಿಲ್ಲಿಸಿದೆ, ಇನ್ನೊಂದರಲ್ಲಿ ಹಾಗೇ ಬಿಟ್ಟೆ. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಆರ್ಡರುಗಳನ್ನು ಜಾಹೀರಾತಿನವರ ಲೆಕ್ಕದಿಂದ ತೆಗೆದುಕೊಳ್ಳದೆ, ನಮ್ಮದೇ ಪುಸ್ತಕದಲ್ಲಿ ವಿಳಾಸದ ಪಿನ್‌ಕೋಡು ನೋಡಿ ಎಣಿಸಿದೆ. ಗಿರಾಕಿ ಯಾವ ದಾರಿಯಿಂದ ಬಂದ ಎನ್ನುವುದು ಬೇಡ, ಆ ಜಿಲ್ಲೆಯಿಂದ ಒಟ್ಟು ಎಷ್ಟು ಆರ್ಡರು ಬಂತು ಎನ್ನುವುದೊಂದೇ ಸಾಕು.

ಫಲಿತಾಂಶ ನೋಡಿದ ದಿನ ನನಗೆ ಆದದ್ದು ಖುಷಿ ಎಂದು ಒಪ್ಪಿಕೊಳ್ಳಬೇಕು. ಜಾಹೀರಾತು ಇದ್ದ ಕಡೆ ನೂರು ಆರ್ಡರು ಬಂದರೆ, ನಿಲ್ಲಿಸಿದ ಕಡೆ ತೊಂಬತ್ತು. ಮತ್ತೆ ಶುರು ಮಾಡಿದ ಎರಡೇ ವಾರಕ್ಕೆ ಆ ಅಂತರ ಮುಚ್ಚಿಹೋಯಿತು. ಜಾಹೀರಾತು ಬೇಕೇ ಬೇಕೆಂಬ ನನ್ನ ಮಾತು ಗೆದ್ದಿತ್ತು.

ಸಾರ್‌ಗೆ ಕಳಿಸುವ ಇ-ಮೇಲನ್ನು ಎರಡು ದಿನ ಕೂತು ಬರೆದೆ. ಈಗಲೂ ಅದು ನನ್ನ ಹತ್ತಿರ ಇದೆ. ಅದು ಹೀಗೆ ಶುರುವಾಗುತ್ತದೆ:

"ಸಾರ್, ಹೆಸರಿನ ಜಾಹೀರಾತು ವ್ಯರ್ಥ ಎಂಬ ನಿಮ್ಮ ಅಭಿಪ್ರಾಯ ತಪ್ಪು ಎಂದು ಪರೀಕ್ಷೆಯಿಂದ ಸಾಬೀತಾಗಿದೆ. ನಿಲ್ಲಿಸಿದ ಹನ್ನೆರಡು ಜಿಲ್ಲೆಗಳಲ್ಲಿ ನೂರಕ್ಕೆ ಹತ್ತು ಆರ್ಡರು ಕಡಿಮೆಯಾಗಿವೆ. ಕಾಕತಾಳೀಯ ಏರಿಳಿತವನ್ನು ಲೆಕ್ಕಕ್ಕೆ ಹಿಡಿದರೂ ಈ ನಷ್ಟ ಆರರಿಂದ ಹದಿನಾಲ್ಕರ ನಡುವೆ ಇದೆ, ಸೊನ್ನೆ ಅಲ್ಲ. ಹೀಗೆ ತಪ್ಪಿಹೋದ ಹತ್ತರಲ್ಲಿ ಎಂಟು ಮಂದಿ ಹೊಸ ಗಿರಾಕಿಗಳು. ನಮ್ಮ ಜಾಹೀರಾತು ಇಲ್ಲದಾಗ ಮೇಲಿನ ಜಾಗದಲ್ಲಿ ಬೇರೆ ಕಂಪನಿಗಳ ಜಾಹೀರಾತು ಬರುತ್ತದೆ, ಚಿತ್ರ ಲಗತ್ತಿಸಿದ್ದೇನೆ. ಹಳೆಯ ಗಿರಾಕಿ ನಮ್ಮ ಬಾಟಲಿಯನ್ನು ಬಲ್ಲ, ಕೆಳಗೆ ಹುಡುಕಿ ಬರುತ್ತಾನೆ. ಯಾರದೋ ಬಾಯಲ್ಲಿ ಹೆಸರು ಕೇಳಿ ಮೊದಲ ಸಲ ಹುಡುಕುವವನು ಮೇಲೆ ಕಂಡದ್ದನ್ನು ಒತ್ತುತ್ತಾನೆ. ಈ ಹತ್ತು ಆರ್ಡರಿನಿಂದ ಬರುವ ಲಾಭ, ಜಾಹೀರಾತಿನ ಖರ್ಚಿನ ಸುಮಾರು ಎರಡು ಪಟ್ಟು. ಆದ್ದರಿಂದ ನಿಲ್ಲಿಸಬಾರದು."

ಆಮೇಲೆ ಜಿಲ್ಲೆವಾರು ಕೋಷ್ಟಕ. ಆಮೇಲೆ ಪರೀಕ್ಷೆ ಮಾಡಿದ ರೀತಿಯ ವಿವರ. ಎಲ್ಲ ಮುಗಿದ ಮೇಲೆ, ಸಣ್ಣ ಅಕ್ಷರದಲ್ಲಿ, ಕೊನೆಗೆ ಇನ್ನೊಂದು ಮಾತು:

"ಗಮನಿಸಿ: ನೂರರಲ್ಲಿ ಮೂವತ್ತು ಆರ್ಡರು ಈ ಜಾಹೀರಾತಿನಿಂದ ಬರುತ್ತವೆ ಎಂದು ಜಾಹೀರಾತಿನ ವರದಿ ತೋರಿಸುತ್ತದೆ. ಪರೀಕ್ಷೆಯ ಪ್ರಕಾರ ಅದರಲ್ಲಿ ಇಪ್ಪತ್ತು ಹೇಗೂ ಬರುತ್ತಿದ್ದವು."

ಅಂದರೆ ಅವರ ಅನುಮಾನ ಮೂರರಲ್ಲಿ ಎರಡು ಪಾಲು ನಿಜವಾಗಿತ್ತು. ವರದಿ ಸುಳ್ಳು ಹೇಳುತ್ತದೆ ಎಂದು ಅವರು ವರ್ಷಗಳಿಂದ ಹೇಳುತ್ತಿದ್ದರು; ಸುಳ್ಳೇ ಹೇಳುತ್ತಿತ್ತು. ಅದನ್ನು ನಾನೇ ಎಣಿಸಿ ಕಂಡುಹಿಡಿದು, ಕೋಷ್ಟಕದ ಕೆಳಗೆ ಹೂತಿಟ್ಟೆ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಕಳಿಸುವಾಗ ಗೋಡೌನಿನ ಭಾಮೈದನಿಗೂ ಒಂದು ಪ್ರತಿ ಹಾಕಿದೆ. ಪಾಲುದಾರರಿಗೂ ತಿಳಿಯಲಿ ಎಂದು ಎನ್ನುವುದು ನಾನು ಆಗ ನನಗೇ ಹೇಳಿಕೊಂಡ ಕಾರಣ. ಒಬ್ಬರೇ ಓದಿದರೆ ಬದಿಗಿಡುತ್ತಾರೆ, ಇನ್ನೊಬ್ಬರೂ ಓದಿದರೆ ಇಡಲಾರರು ಎನ್ನುವುದು ನಿಜವಾದ ಕಾರಣ.

ಸೋಮವಾರ ಮೀಟಿಂಗು. ಭಾಮೈದ ಮಾಲೂರಿನಿಂದ ಮೇಲನ್ನು ಪ್ರಿಂಟ್ ಹಾಕಿಸಿಕೊಂಡೇ ಬಂದಿದ್ದ. ಕಾಫಿ ಬರುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು ನಕ್ಕ.

"ಏನ್ ಭಾವ, ನೀವು ಹೇಳ್ತಾ ಇದ್ದಿದ್ದೆಲ್ಲ ತಪ್ಪು ಅಂತ ಸಾಬೀತಾಗಿದ್ಯಂತೆ? ನಿಮ್ಮ ಆಫೀಸಿನ ಹುಡುಗೀನೇ ಬರ್ದವ್ಳೆ ನೋಡಿ."

ಸಾರ್ ಆ ಹಾಳೆಯನ್ನು ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು. ನಾನು ಕೆಲಸಕ್ಕೆ ಸೇರಿದಾಗಿನಿಂದ ಮೊದಲ ಸಲ ನನ್ನನ್ನು 'ಮೇಡಂ' ಎಂದರು.

"ಮೇಡಂ, ಆ ಜಾಹೀರಾತು ಇವತ್ತೇ ನಿಲ್ಲಿಸಿ. ಎಲ್ಲಾ ಕಡೆ."

"ಸಾರ್, ಡೇಟಾ ಏನು ಹೇಳುತ್ತೆ ಅಂದ್ರೆ..."

"ಓದಿದೀನಿ. ನಿಲ್ಲಿಸಿ."

ಮೊದಲ ಸಾಲಿನ ಆಚೆ ಅವರು ಓದಿರಲಿಲ್ಲವೆಂದು ಆಗಲೇ ಗೊತ್ತಾಯಿತು. ಓದಿದ್ದರೆ ಕೊನೆಯ ಮಾತನ್ನು ಹಿಡಿದು ನನ್ನನ್ನೂ ಭಾಮೈದನನ್ನೂ ಸೇರಿಸಿ ಬಾಯಿ ಮುಚ್ಚಿಸುತ್ತಿದ್ದರು. ಅಲ್ಲೇ ಎದ್ದು, "ಸಾರ್, ನೀವು ಹೇಳಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಸರಿಯಿತ್ತು, ನಾನು ಬರೆದ ರೀತಿ ಸರಿಯಿರಲಿಲ್ಲ" ಎಂದಿದ್ದರೆ ಏನಾಗುತ್ತಿತ್ತೋ. ಹೇಳಲಿಲ್ಲ. ನನಗೂ ಮುಖ ಬಿಸಿಯಾಗಿತ್ತು. ಕನಿಷ್ಠ ನಾಲ್ಕು ಜಿಲ್ಲೆಗಳಲ್ಲಾದರೂ ಜಾಹೀರಾತು ಹಾಗೇ ಬಿಡೋಣ ಸಾರ್, ಹೋಲಿಸಿ ನೋಡೋದಕ್ಕೆ ಇರಲಿ ಎಂದು ಕೇಳಬಹುದಿತ್ತು. ಅಷ್ಟಕ್ಕೆ ಅವರು ಬೇಡ ಎನ್ನುತ್ತಿರಲಿಲ್ಲ. ಅದನ್ನೂ ಕೇಳಲಿಲ್ಲ. ನನ್ನ ಜಾಗಕ್ಕೆ ಹೋಗಿ ಕೂತು ಎಲ್ಲ ಕಡೆ ನಿಲ್ಲಿಸಿದೆ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ.

ಏಪ್ರಿಲ್‌ನಲ್ಲಿ ಏನೂ ಆದಂತೆ ಕಾಣಲಿಲ್ಲ. ಬಿಟ್ಟಿ ಲಿಂಕಿನಿಂದ ಬರುವವರ ಸಂಖ್ಯೆ ಏರಿತು. ಏರಲೇಬೇಕಿತ್ತು; ಮೇಲಿನ ದಾರಿ ಮುಚ್ಚಿದ ಮೇಲೆ ಹಳಬರೆಲ್ಲ ಕೆಳಗಿನದರಿಂದ ಬಂದರು. ಮೇ ತಿಂಗಳಲ್ಲಿ ಹೊಸ ಆವಕಾಯಿ ಬಂದಿತು ಎಂದು ಹಳೆಯ ಗಿರಾಕಿಗಳಿಗೆಲ್ಲ ಸಂದೇಶ ಹೋಯಿತು, ಆರ್ಡರು ಒಟ್ಟಿನಲ್ಲಿ ಏಪ್ರಿಲ್‌ಗಿಂತ ಮೇಲೇರಿತು. ಸಾರ್ ನನ್ನ ಮೇಜಿನ ಹತ್ತಿರ ನಿಂತು ಹೇಳಿದರು:

"ನೋಡಿದ್ರಾ? ಬರ್ತಾ ಅವ್ರೆ. ನಾನ್ ಹೇಳಿದ್ದೇ ಇದು."

ಅವರು ನೋಡುತ್ತಿದ್ದದ್ದು ಸುಗ್ಗಿಯನ್ನು. ಹಿಂದಿನ ವರ್ಷಗಳ ಮೇ ತಿಂಗಳ ಪಕ್ಕದಲ್ಲಿಟ್ಟು ನೋಡಿದರೆ ಹೊಸ ಗಿರಾಕಿಗಳು ಬಹಳ ಕಡಿಮೆ ಇದ್ದರು. ಆದರೆ ಎಲ್ಲ ಕಡೆ ನಿಲ್ಲಿಸಿಬಿಟ್ಟಿದ್ದರಿಂದ ಈ ವರ್ಷದ ಜೊತೆ ಹೋಲಿಸಲು ಒಂದು ಜಿಲ್ಲೆಯೂ ಉಳಿದಿರಲಿಲ್ಲ. ಎಷ್ಟು ಕಳೆದುಕೊಂಡೆವು ಎಂದು ಇವತ್ತಿಗೂ ನಾನು ಖಚಿತವಾಗಿ ಹೇಳಲಾರೆ. ಪರೀಕ್ಷೆಯಲ್ಲಿ ಕಂಡ ಹತ್ತಕ್ಕಿಂತ ಹೆಚ್ಚು ಎಂದು ಮಾತ್ರ ನನ್ನ ಅಂದಾಜು. ಆವಕಾಯಿಯ ಕಾಲಕ್ಕೆ ಮೊದಲ ಸಲ ಹುಡುಕುವವರು ಜಾಸ್ತಿ, ಮೇಲಿನ ಜಾಗಕ್ಕೆ ಬರುವ ಬೇರೆ ಕಂಪನಿಗಳೂ ಜಾಸ್ತಿ.

ಬರೆಯಲು ಕಷ್ಟವಾಗುವ ಮಾತು ಇದು. ಪ್ರತಿ ಬೆಳಗ್ಗೆ ಆ ಸಂಖ್ಯೆಗಳನ್ನು ತೆರೆದಾಗ ನನ್ನೊಳಗಿನ ಒಂದು ಭಾಗ, ಇನ್ನೂ ಇಳಿಯಲಿ ಎಂದು ಕಾಯುತ್ತಿತ್ತು. ಇಳಿದರೆ ನಾನು ಹೇಳಿದ್ದು ಸರಿ. ಆ ಆರ್ಡರುಗಳ ಹಿಂದೆ ಶ್ರೀನಿವಾಸಪುರದಲ್ಲಿ ಕಾಯಿ ಹೆಚ್ಚುವ ಕೈಗಳಿವೆ ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆದರೂ ಅದನ್ನು ಮುಂದೆ ತಂದುಕೊಳ್ಳಲಿಲ್ಲ.

ಜೂನ್ ಮೊದಲ ವಾರ ಹೊಸ ಲೇಬಲ್ಲಿನ ಕೆಲಸಕ್ಕೆ ಅಡುಗೆಮನೆಗೆ ಹೋಗಬೇಕಾಯಿತು. ಆ ಹೊತ್ತಿಗೆ ಅಲ್ಲಿ ಎರಡನೇ ಹದ, ಅಂದರೆ ಆ ವರ್ಷದ ಎರಡನೇ ಸುತ್ತಿನ ಉಪ್ಪಿನಕಾಯಿ, ನಡೆಯುತ್ತಿರಬೇಕಿತ್ತು. ತಡವಾಗಿ ಬರುವ ಕಾಯಿಯನ್ನು, ಪ್ರತಿ ಹೋಳಿಗೂ ಗೊರಟಿನ ಚಿಪ್ಪು, ಅಂದರೆ ಓಟೆ, ಅಂಟಿರುವಂತೆ ಹೆಚ್ಚಿ, ಸಾಸಿವೆ ಪುಡಿ, ಖಾರ, ಎಳ್ಳೆಣ್ಣೆ ಹಾಕಿ ಕಲಸುವ ಕೆಲಸಕ್ಕೆ ಪ್ರತಿ ವರ್ಷ ಹದಿನೆಂಟು ಹೆಂಗಸರು ಬರುತ್ತಿದ್ದರು. ಅವತ್ತು ಐದು ಜನ ಕೂತು ಬಾಟಲಿ ಒರೆಸುತ್ತಿದ್ದರು. ಕತ್ತಿಮಣೆಗಳು ಗೋಡೆಗೆ ಒರಗಿದ್ದವು. ಒಳಕೋಣೆಯಲ್ಲಿ ಮೊದಲನೇ ಹದದ ಜಾಡಿಗಳು ಬಟ್ಟೆ ಕಟ್ಟಿಕೊಂಡು ಹಾಗೇ ಸಾಲಾಗಿದ್ದವು.

ಸಾರ್ ಅವರ ಅಕ್ಕ ನನಗೆ ಮಜ್ಜಿಗೆ ಕೊಟ್ಟರು.

"ಈ ಸಲ ಎರಡ್ನೇ ಹದ ಹಾಕಲ್ಲಮ್ಮ," ಎಂದರು. "ಇರೋದೇ ಖರ್ಚಾಗ್ಲಿಲ್ಲ. ಕಾಯಿಗೆ ಹೇಳಿದ್ದು ಬೇಡ ಅಂದ್ಬಿಟ್ಟ ನನ್ ತಮ್ಮ. ಇವ್ರಿಗೆಲ್ಲ ಬರ್ಬೇಡಿ ಅಂತ ನಾನೇ ಹೇಳ್ಬೇಕಾಯ್ತು."

ಎದುರಿನ ಮಣೆಯ ಮೇಲೆ ಕೂತು ಅವರೇ ಕೇಳಿದರು:

"ಯಾಕಮ್ಮ ಖರ್ಚಾಗ್ಲಿಲ್ಲ? ರುಚಿ ಏನಾದ್ರೂ ಕೆಟ್ಟಿದ್ಯಾ? ನಾನೇ ಕಲಸಿದ್ದು."

"ರುಚಿ ಅಲ್ಲ ಅಮ್ಮ," ಎಂದೆ. ಜಾಹೀರಾತು ನಿಲ್ಲಿಸಿದ್ದನ್ನು, ಹೊಸಬರು ಹೆಸರು ಹುಡುಕಿ ಬೇರೆಯವರ ಅಂಗಡಿಗೆ ಹೋಗುತ್ತಿರುವುದನ್ನು ಹೇಳಿದೆ. ಅವರಿಗೆ ಅರ್ಥವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ.

"ಹಂಗಾಗುತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅವನಿಗೆ ಹೇಳ್ಲಿಲ್ವಾ?"

"ಮೇಲ್ ಕಳಿಸಿದ್ದೆ."

ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. "ಮೇಲ್ ಕಳ್ಸಿದ್ಯಾ," ಎಂದಷ್ಟೇ ಹೇಳಿದರು. ಆಮೇಲೆ, "ಒಂದ್ಸಲ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದ್ರೆ ಅವನು ಕೇಳೋನು. ಚಿಕ್ಕೋನಿದ್ದಾಗಿಂದ್ಲೂ ಹಂಗೇ. ನಾಲ್ಕು ಜನರ ಮುಂದೆ ಹೇಳಿದ್ರೆ ಮಾತ್ರ ಕೇಳಲ್ಲ," ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಮುಳಬಾಗಿಲಿಗೆ ವಾಪಸು ಬರುವ ಬಸ್ಸಿನಲ್ಲಿ, ನಾಳೆಯೇ ಸಾರ್ ಜೊತೆ ಮಾತಾಡಬೇಕೆಂದು ನಿಶ್ಚಯಿಸಿದೆ. ಆದರೆ ನಾಳೆ ನಾಡಿದ್ದಾಯಿತು. ನಾನು ಬಾಯಿ ತೆರೆಯುವ ಮೊದಲೇ ಒಂದು ಫೋನು ಬಂತು. ಅವತ್ತು ಫೋನು ತೆಗೆಯುವವಳು ಊಟಕ್ಕೆ ಹೋಗಿದ್ದಳು, ಸಾರ್ ಅವರೇ ತೆಗೆದರು. ಆ ಕಡೆ ಮೈಸೂರಿನ ಒಬ್ಬ ಹೆಂಗಸು. ಗೆಳತಿಯ ಮನೆಯಲ್ಲಿ ನಮ್ಮ ಆವಕಾಯಿ ತಿಂದು, ಹೆಸರು ಕೇಳಿಕೊಂಡು ತರಿಸಿದ್ದರಂತೆ. ಬಂದದ್ದು ಬರೀ ಹುಳಿ, ವಿನಿಗರ್ ವಾಸನೆ, ಹೋಳು ಮೆತ್ತಗೆ. ಹೀಗಾ ಕೊಡೋದು ಎಂದು ಅವರ ದೂರು. ಸಾರ್ ನಿಂತುಕೊಂಡೇ ಕ್ಷಮೆ ಕೇಳಿ, 'ಬಾಟಲಿಯ ಮೇಲಿನ ನಂಬರು ಓದಿ ಅಮ್ಮಾ' ಎಂದರು. ಆ ಹೆಂಗಸು ಓದಿದರು. ಬಾಟಲಿ ನಮ್ಮದಾಗಿರಲಿಲ್ಲ. ನಮ್ಮ ಹೆಸರು ಹುಡುಕಿ, ಮೊದಲು ಕಂಡದ್ದನ್ನು ಒತ್ತಿ, ಬೇರೆ ಕಂಪನಿಯದನ್ನು ಕೊಂಡಿದ್ದರು. ದೂರು ಹೇಳಲು ಮತ್ತೆ ಹುಡುಕಿದಾಗ ಮಾತ್ರ ಕೆಳಗಿದ್ದ ನಮ್ಮ ನಂಬರು ಸಿಕ್ಕಿತ್ತು.

"ನಮ್ಮದೊಂದು ಕಳಿಸ್ತೀನಮ್ಮ, ದುಡ್ಡು ಬೇಡ, ತಿಂದು ನೋಡಿ," ಎಂದು ವಿಳಾಸ ಬರೆದುಕೊಂಡು ಫೋನಿಟ್ಟರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತರು.

"ಆ ಮೇಲ್ ತೆಗಿ."

ತೆಗೆದೆ. ಈ ಸಲ ಕೊನೆಯವರೆಗೂ ಓದಿದರು, ತುಟಿ ಅಲ್ಲಾಡಿಸುತ್ತ, ಕೋಷ್ಟಕದ ಒಂದೊಂದು ಸಾಲನ್ನೂ. ಬೇರೆ ಕಂಪನಿಗಳ ಜಾಹೀರಾತಿನ ಚಿತ್ರದ ಹತ್ತಿರ ಬಂದಾಗ ಓದು ನಿಲ್ಲಿಸಿ ನೋಡಿದರು. ಅದರಲ್ಲಿ ಹುಡುಕುವ ಜಾಗದಲ್ಲಿ ಅವರ ತಾಯಿಯ ಹೆಸರಿತ್ತು, ಕೆಳಗೆ ಇನ್ಯಾರದೋ ಬಾಟಲಿ. ಕೊನೆಗೆ ಸಣ್ಣ ಅಕ್ಷರದ ಮಾತಿಗೆ ಬಂದರು. ಅದನ್ನು ಎರಡು ಸಲ ಓದಿದರು.

"ಇದು ನಾನ್ ಹೇಳ್ತಾ ಇದ್ದಿದ್ದೇ ಅಲ್ವಾ? ಇಪ್ಪತ್ತು ಹೆಂಗೂ ಬರ್ತಿದ್ವು ಅಂತ?"

"ಹೌದು ಸಾರ್."

"ಕೆಳಗ್ಯಾಕೆ ಹಾಕ್ದೆ?"

"ತಪ್ಪಾಯ್ತು ಸಾರ್," ಎಂದೆ.

"ನಂದೂ," ಎಂದರು. "ಮೊದಲ್ನೇ ಸಾಲು ಓದಿ ನಿಲ್ಲಿಸ್ಬಿಟ್ಟೆ. ಆಮೇಲೆ ಅವನು ಬಂದು ಹಂಗೆ ನಕ್ಕ." ಎದ್ದು ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿದರು. "ಹಾಕು ಜಾಹೀರಾತು."

ಅವತ್ತೇ ಹಾಕಿದೆ. ಹೊಸ ಗಿರಾಕಿಗಳು ಎರಡು ಮೂರು ವಾರದಲ್ಲಿ ಮೊದಲಿನಷ್ಟಾದರು. ಆದರೆ ಮಾವಿನ ಕಾಯಿ ನಮಗಾಗಿ ಕಾಯುವುದಿಲ್ಲ. ಸಾರ್ ಅವಸರದಲ್ಲಿ ಮಂಡಿಗೆ ಹೋಗಿ ವಿಚಾರಿಸಿದರು. ಉಳಿದದ್ದೆಲ್ಲ ದೋರೆಯಾಗಿತ್ತು, ಉಪ್ಪಿನಕಾಯಿಗೆ ಬರುವಂತಿರಲಿಲ್ಲ. ಜುಲೈ ಕೊನೆಗೆ ಬೇಡಿಕೆ ಬಂದಾಗ ಕೊಡಲು ಹಳೆಯ ಜಾಡಿಗಳಷ್ಟೇ ಇದ್ದವು. ಅವೂ ದಸರೆಯ ಹೊತ್ತಿಗೆ ಮುಗಿದವು. ಬರಬೇಡಿ ಎಂದ ಹೆಂಗಸರಿಗೆ ಆ ವರ್ಷ ಮತ್ತೆ ಕೆಲಸ ಕೊಡಲಾಗಲಿಲ್ಲ.

ಸಾರ್ ಮತ್ತೆ ನನ್ನನ್ನು 'ಏನಮ್ಮಾ' ಎಂದು ಕರೆಯತೊಡಗಿದರು, ಆದರೆ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವುದು ಕಡಿಮೆಯಾಯಿತು. ನಾನು ಮಾರನೆಯ ವರ್ಷ ಕೋಲಾರದಲ್ಲೇ ಬೇರೆ ಕೆಲಸ ಹಿಡಿದೆ. ಯಾರೂ ಹೋಗು ಎನ್ನಲಿಲ್ಲ. ಕೊನೆಯ ದಿನ ಅವರು ಆವಕಾಯಿಯ ದೊಡ್ಡ ಬಾಟಲಿ ಕೊಟ್ಟು, "ಒಳ್ಳೇದಾಗ್ಲಿ, ಲೆಕ್ಕ ಚೆನ್ನಾಗಿ ಹಾಕ್ತೀಯ," ಎಂದರು. ನಾನು ಅದಕ್ಕೆ ನಗಲು ಪ್ರಯತ್ನಿಸಿದೆ.

ಕಳೆದ ಬೇಸಿಗೆಯಲ್ಲಿ ಒಂದು ಮದುವೆಗೆ ಶ್ರೀನಿವಾಸಪುರಕ್ಕೆ ಹೋದಾಗ ಅಡುಗೆಮನೆಗೂ ಹೋಗಿಬಂದೆ. ಕೆಲಸ ಜೋರಾಗಿತ್ತು, ಕಾಯಿಯ ರಾಶಿ ಅಂಗಳದವರೆಗೂ ಬಂದಿತ್ತು. ಅಕ್ಕ ಕಣ್ಣಿಗೆ ಕನ್ನಡಕ ಹಾಕಿಕೊಂಡು ಖಾರದ ಪುಡಿ ತೂಗುತ್ತಿದ್ದರು. ನಾನು ಹಳಬರ ಹೆಸರು ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸಿದೆ. ಆ ವರ್ಷ ಬೇಡ ಎಂದು ಕಳಿಸಿದ ಹದಿಮೂರು ಜನರಲ್ಲಿ ಎಂಟು ಮಂದಿ ಮರುವರ್ಷ ವಾಪಸು ಬಂದರಂತೆ. ಉಳಿದವರಲ್ಲಿ ಮೂವರು ಬಟ್ಟೆ ಕಾರ್ಖಾನೆಗೆ ಸೇರಿಕೊಂಡಿದ್ದಾರೆ, ಬೆಳಗ್ಗೆ ಐದಕ್ಕೆ ವ್ಯಾನು ಬಂದು ಕರೆದುಕೊಂಡು ಹೋಗುತ್ತದೆ. ಇನ್ನಿಬ್ಬರು ಎಲ್ಲಿದ್ದಾರೋ ಅಕ್ಕನಿಗೂ ಗೊತ್ತಿರಲಿಲ್ಲ.

"ಆ ಇಬ್ರಲ್ಲೊಬ್ಳು ಹೆಚ್ಚೋದ್ರಲ್ಲಿ ಎಲ್ರಿಗಿಂತ ಚುರುಕು," ಎಂದರು. "ಒಂದ್ ಹೋಳೂ ಓಟೆ ಬಿಡ್ತಿರ್ಲಿಲ್ಲ."

ಅವಳ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ಅಷ್ಟು ಸಲ ಆ ಅಡುಗೆಮನೆಗೆ ಹೋಗಿದ್ದರೂ ಅವಳನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ.